ಗ್ರಾಹಕ ಬಹುಮಾನ: ಲಾಭದಿಂದ ಕೊಡೋಣ, ವಹಿವಾಟಿನಿಂದಲ್ಲ

ದೊಡ್ಡ ಮಳಿಗೆಗಳನ್ನು ನೋಡಿ ನಮ್ಮ ಊರುಗಳ ದಿನಸಿ ವರ್ತಕರೂ ಗ್ರಾಹಕರಿಗೆ ಅಂಕ ನೀಡುವ ಯೋಜನೆಗಳತ್ತ ಒಲವು ತೋರುತ್ತಿದ್ದಾರೆ. ಯೋಜನೆ ತಪ್ಪಲ್ಲ, ಆದರೆ "ನೂರು ರೂಪಾಯಿಗೆ ಒಂದು ರೂಪಾಯಿ" ಎಂಬ ಸರಳ ಸೂತ್ರವೇ ತಪ್ಪೆಂಬುದು ನನ್ನ ಅಭಿಪ್ರಾಯ.

ಅರಕೆರೆ, ಶ್ರೀರಂಗಪಟ್ಟಣ ಮತ್ತು ಪಾಂಡವಪುರಗಳಲ್ಲಿ ಒಂದೊಂದು ಅಂಗಡಿಯಿರುವ ಸಂಸ್ಥೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮೂರೂ ಸೇರಿ ತಿಂಗಳ ವಹಿವಾಟು 30 ಲಕ್ಷ ರೂಪಾಯಿ. ಇದರಲ್ಲಿ ಅಕ್ಕಿ, ಸಕ್ಕರೆ, ಅಡುಗೆ ಎಣ್ಣೆಗಳ ಮಾರಾಟ 15 ಲಕ್ಷ. ಲಾಭ ಶೇಕಡ 4, ಅಂದರೆ 60 ಸಾವಿರ. ಸಾಬೂನು, ಬಿಸ್ಕತ್ತು, ಮಸಾಲೆ ಮುಂತಾದ ಉಳಿದ ಸರಕು 15 ಲಕ್ಷ. ಲಾಭ ಶೇಕಡ 14, ಅಂದರೆ 2 ಲಕ್ಷ 10 ಸಾವಿರ. ಒಟ್ಟು ಲಾಭ 2 ಲಕ್ಷ 70 ಸಾವಿರ, ವಹಿವಾಟಿನ ಶೇಕಡ 9.

ಎಲ್ಲ ಸರಕಿಗೂ ಎಲ್ಲ ಗ್ರಾಹಕರಿಗೂ ಶೇಕಡ 1ರ ಬಹುಮಾನ ಕೊಟ್ಟರೆ ಖರ್ಚು 30 ಸಾವಿರ. ಇದು ವಹಿವಾಟಿನ ನೂರರಲ್ಲಿ ಒಂದು ಪಾಲಾದರೂ ಲಾಭದ ಒಂಬತ್ತರಲ್ಲಿ ಒಂದು ಪಾಲು. ಸಕ್ಕರೆಯ ಲಾಭದಲ್ಲಂತೂ ನಾಲ್ಕರಲ್ಲಿ ಒಂದು ಪಾಲು ಹೋಯಿತು. ಹಳೆಯ ಲಾಭವನ್ನು ಉಳಿಸಿಕೊಳ್ಳಲು ವಹಿವಾಟು 33 ಲಕ್ಷ 75 ಸಾವಿರಕ್ಕೆ, ಎಂದರೆ ಶೇಕಡ 12.5ರಷ್ಟು ಏರಬೇಕು.

ಈಗ ಬಹುಮಾನವನ್ನು ಎರಡನೆಯ ಗುಂಪಿನ ಸರಕಿಗೆ ಮಾತ್ರ, ಶೇಕಡ 1.5ರಂತೆ ಸೀಮಿತಗೊಳಿಸೋಣ. ಆ ಗುಂಪಿನಲ್ಲಿ ಸದಸ್ಯರ ಖರೀದಿ 9 ಲಕ್ಷವಾದರೆ ನೀಡುವ ಅಂಕಗಳ ಬೆಲೆ 13,500 ರೂಪಾಯಿ. ಐದರಲ್ಲಿ ನಾಲ್ಕು ಭಾಗ ಬಳಕೆಯಾದರೆ ಖರ್ಚು 10,800, ಒಟ್ಟು ಲಾಭದ ಶೇಕಡ 4 ಮಾತ್ರ. ಸದಸ್ಯರು ಈ ಸರಕುಗಳನ್ನು 9 ಲಕ್ಷದ ಬದಲು ಸುಮಾರು 9 ಲಕ್ಷ 85 ಸಾವಿರದಷ್ಟು ಕೊಂಡರೆ ಖರ್ಚು ಹಿಂದಿರುಗುತ್ತದೆ. ಗ್ರಾಹಕನಿಗೆ ದರ ಹೆಚ್ಚು ಕಾಣುತ್ತದೆ, ವರ್ತಕನಿಗೆ ಹೊರೆ ಕಡಿಮೆಯಾಗುತ್ತದೆ.

ಈ ತತ್ತ್ವ ನಮಗೆ ಹೊಸದಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ಆರಂಭವಾದ ಸಹಕಾರಿ ಅಂಗಡಿಯು ಸದಸ್ಯರ ಖರೀದಿಗೆ ತಕ್ಕ ಪಾಲನ್ನು ಲಾಭ ತಿಳಿದ ನಂತರವೇ ಹಂಚುತ್ತಿತ್ತು. ನಮ್ಮ ಹಾಲು ಉತ್ಪಾದಕರ ಸಂಘಗಳು ಹಾಕಿದ ಹಾಲಿಗೆ ತಕ್ಕಂತೆ ಬೋನಸ್ ಕೊಡುವುದೂ ಲಾಭದಿಂದಲೇ.

ಅಂಕಗಳನ್ನು ಯಾವಾಗ ಜಮಾ ಮಾಡಬೇಕೆಂಬುದು ನಮ್ಮ ಕಡೆ ಮುಖ್ಯ ಪ್ರಶ್ನೆ. ಕಬ್ಬಿನ ಹಣ ಬರುವವರೆಗೆ ಸಾಲದ ಖಾತೆಯಲ್ಲಿ ಸಾಮಾನು ಒಯ್ಯುವ ಮನೆಗಳು ಹಲವು. ಬಿಲ್ಲಿನ ದಿನವೇ ಅಂಕ ಕೊಟ್ಟರೆ ಸಾಲಕ್ಕೆ ಬಹುಮಾನ ಕೊಟ್ಟಂತೆ. ಖಾತೆ ಚುಕ್ತಾ ಆದ ದಿನ ಜಮಾ ಮಾಡಿದರೆ ಅದೇ ಅಂಕ ವಸೂಲಿಗೂ ನೆರವಾಗುತ್ತದೆ. ಅಂಕಗಳ ಅವಧಿಯನ್ನು ಜಮಾ ಆದ ದಿನದಿಂದ 12 ತಿಂಗಳಿಗಿಂತ ಕಡಿಮೆ ಇಡಬಾರದು. ವರ್ಷಕ್ಕೊಮ್ಮೆ ಹಣ ಕಾಣುವ ರೈತನ ಅಂಕ ಆರು ತಿಂಗಳಿಗೆ ರದ್ದಾದರೆ ಅವನು ಅದನ್ನು ಮೋಸವೆಂದೇ ತಿಳಿಯುತ್ತಾನೆ. ಬಳಕೆಯಾಗದ ಅಂಕಗಳು ಅಂಗಡಿಯ ಹೊಣೆಯೆಂಬುದನ್ನು ಮರೆಯದೆ, ಮಾರ್ಚ್ 31ರ ಲೆಕ್ಕದಲ್ಲಿ ಅವುಗಳ ಅಂದಾಜು ಮೊತ್ತವನ್ನು ತೋರಿಸಬೇಕು.

ಬಹುಮಾನವನ್ನು ಸ್ಟೀಲ್ ಪಾತ್ರೆಯ ರೂಪದಲ್ಲಿ ಉಚಿತವಾಗಿ ಕೊಡುವುದಕ್ಕಿಂತ ಮುಂದಿನ ಬಿಲ್ಲಿನಲ್ಲಿ ರಿಯಾಯಿತಿಯಾಗಿ ಕಳೆಯುವುದು ಲೇಸು. ಜಿಎಸ್‌ಟಿ ಕಾಯಿದೆಯ 15(3)ನೇ ಕಲಮಿನಂತೆ ಮಾರಾಟದ ವೇಳೆ ಬಿಲ್ಲಿನಲ್ಲೇ ನಮೂದಾದ ರಿಯಾಯಿತಿಯು ತೆರಿಗೆಯ ಮೌಲ್ಯದಿಂದ ಹೊರಗುಳಿಯುತ್ತದೆ. ಉಡುಗೊರೆಯಾಗಿ ಕೊಟ್ಟ ಸರಕಿಗಾದರೋ 17(5)ನೇ ಕಲಮಿನಂತೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ.

ಸೋರಿಕೆ ಸಾಮಾನ್ಯವಾಗಿ ಗಲ್ಲಾಪೆಟ್ಟಿಗೆಯ ಬಳಿಯೇ ಆಗುತ್ತದೆ. ಸದಸ್ಯರಲ್ಲದವರ ಬಿಲ್ಲಿಗೆ ನೌಕರನು ತನ್ನ ಅಥವಾ ಸ್ನೇಹಿತನ ಮೊಬೈಲ್ ಸಂಖ್ಯೆ ನಮೂದಿಸಬಹುದು. ಒಂದೇ ಸಂಖ್ಯೆಗೆ ದಿನದಲ್ಲಿ ಮೂರು ನಾಲ್ಕು ಬಿಲ್ಲುಗಳಾಗಿದ್ದರೆ ಪರಿಶೀಲಿಸಬೇಕು. ಹಳ್ಳಿಯ ಚಿಲ್ಲರೆ ಅಂಗಡಿಯವರು ಸಗಟಾಗಿ ಕೊಂಡು ಅಂಕ ಬಾಚಿಕೊಳ್ಳದಂತೆ ಪ್ರತಿ ಬಿಲ್ಲಿಗೂ ಗರಿಷ್ಠ ಮಿತಿಯಿರಲಿ.

ಕೊನೆಯದಾಗಿ, ಸದಸ್ಯರು ಇತರರಿಗಿಂತ ಹೆಚ್ಚು ಕೊಳ್ಳುತ್ತಾರೆಂಬುದು ಯೋಜನೆಯ ಗೆಲುವಿಗೆ ಸಾಕ್ಷಿಯಲ್ಲ. ಹೆಚ್ಚು ಕೊಳ್ಳುವವರೇ ಮೊದಲು ಸದಸ್ಯರಾಗುತ್ತಾರೆ. ಆದ್ದರಿಂದ ಯೋಜನೆಯನ್ನು ಮೊದಲು ಅರಕೆರೆಯ ಅಂಗಡಿಯೊಂದರಲ್ಲೇ ಆರಂಭಿಸಿ, ಆರು ತಿಂಗಳ ಒಟ್ಟು ಲಾಭವನ್ನು ಹಿಂದಿನ ವರ್ಷದ ಅದೇ ತಿಂಗಳುಗಳೊಡನೆ ಹೋಲಿಸಬೇಕು. ಉಳಿದೆರಡು ಅಂಗಡಿಗಳಲ್ಲಿಯೂ ಅಷ್ಟೇ ಏರಿಕೆಯಾಗಿದ್ದರೆ ಅದು ಕಾಲದ ಫಲವೇ ಹೊರತು ಅಂಕಗಳ ಫಲವಲ್ಲ. ಅಂಥ ಯೋಜನೆಯನ್ನು ಇತರ ಅಂಗಡಿಗಳಿಗೆ ವಿಸ್ತರಿಸುವ ಬದಲು ಅಲ್ಲಿಯೇ ನಿಲ್ಲಿಸುವುದು ಒಳಿತು.