ಸತ್ತಿದ್ದು ಮೊಟ್ಟೆ ತಪ್ಪಿಂದ ಅಲ್ಲ (ಭಾಗ 3)

ಏಪ್ರಿಲಲ್ಲಿ ಕೊಕ್ಕನೂರಿನ ತಗಡಿನ ಶೀಟ್ ಕೆಳಗೆ ಇನ್‌ಕ್ಯುಬೇಟರ್ ಇಟ್ಟು, ಮರಿ ಸತ್ರೆ "ಜವಾರಿ ಮೊಟ್ಟೆನೇ ಸರಿಯಿಲ್ಲ" ಅಂತೀರಲ್ಲ, ಯಾವ ನ್ಯಾಯ ಇದು?

ಫ್ಯಾನ್ ಇರೋ ಪೆಟ್ಟಿಗೆಗೆ ಬೇಕಾಗಿರೋದು 37.5 ಡಿಗ್ರಿ. ಥರ್ಮೋಸ್ಟಾಟ್‌ಗೆ ಬಲ್ಬ್ ಆರಿಸೋದಷ್ಟೇ ಗೊತ್ತು, ತಂಪು ಮಾಡೋಕೆ ಬರಲ್ಲ. ರೂಮೇ 39 ಆದ್ರೆ ಒಳಗೆ ಅದಕ್ಕಿಂತ ಕಮ್ಮಿ ಹೆಂಗಾಗುತ್ತೆ? ಕೊನೇ ವಾರ ಮೊಟ್ಟೆಗಳೂ ತಾವೇ ಬಿಸಿ ಬಿಡ್ತವೆ. ಆ ಬಿಸಿ ದಿನಗಟ್ಟಲೆ ನಿಂತ್ರೆ ಎಷ್ಟೋ ಮರಿ ಚಿಪ್ಪೊಳಗೇ ಸಾಯ್ತವೆ. ಉಳಿದವು 21ನೇ ದಿನಕ್ಕೂ ಮೊದ್ಲೇ ಬರ್ತವೆ, ಸಣ್ಣಗೆ, ಹೊಕ್ಕುಳು ಸರಿಯಾಗಿ ಮುಚ್ಚದೆ.

36.5ರಲ್ಲಿಟ್ರೆ ತಡವಾಗಿ, ಹೊಟ್ಟೆ ಉಬ್ಬಿ, ನಿಲ್ಲೋಕಾಗದ ಮರಿ ಬರ್ತವೆ. ಆದ್ರೂ ಕಮ್ಮಿಗಿಂತ ಜಾಸ್ತಿನೇ ಹೆಚ್ಚು ಕೊಲ್ಲೋದು.

ಮಾರೋರು "ಫುಲ್ ಆಟೋಮ್ಯಾಟಿಕ್" ಅಂದ್ರೆ, ಎಂಥ ರೂಮಲ್ಲಿ ಅಂತ ಕೇಳ್ರಿ.