ಬಿಲ್ಲಿನೊಳಗಿನ ಮೂರು ರೂಪಾಯಿ ಬಡ್ಡಿ

ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಪುಣೆಯ ಯೂನಿಫಾರ್ಮ್ ಅಂಗಡಿಯೊಂದಕ್ಕೆ ಸೊಲ್ಲಾಪುರದಿಂದ ಒಂದು ಲಕ್ಷ ರೂಪಾಯಿಯ ಮಾಲು ಬಂದಿದೆ ಎಂದುಕೊಳ್ಳೋಣ. ಬಿಲ್ಲಿನ ತಳದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇದೆ: ಹತ್ತು ದಿನದೊಳಗೆ ಹಣ ಕೊಟ್ಟರೆ ಶೇ 2 ಕ್ಯಾಶ್ ಡಿಸ್ಕೌಂಟ್, ಇಲ್ಲವಾದರೆ ಮೂವತ್ತು ದಿನದಲ್ಲಿ ಪೂರ್ತಿ ಹಣ. ಲೆಕ್ಕಶಾಸ್ತ್ರದ ಪುಸ್ತಕಗಳಲ್ಲಿ ಇದೇ ಕರಾರನ್ನು ‘2/10, ನೆಟ್ 30’ ಎಂದು ಬರೆಯುತ್ತಾರೆ.

ಅಂಗಡಿಯ ಮಾಲೀಕ ಈ ಸಾಲನ್ನು ಓದುತ್ತಾನೆ, ಎರಡು ಪರ್ಸೆಂಟ್ ತಾನೆ ಎಂದು ಬಿಲ್ಲನ್ನು ಫೈಲಿಗೆ ಸೇರಿಸುತ್ತಾನೆ. ಅವನ ಬ್ಯಾಂಕಿನ ಓವರ್‌ಡ್ರಾಫ್ಟಿಗೆ ಬಡ್ಡಿ ಶೇ 12. ಎರಡನ್ನು ಉಳಿಸಲು ಹನ್ನೆರಡರ ಸಾಲ ಏಕೆ ಎತ್ತಬೇಕು ಎಂಬುದು ಅವನ ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ ಹನ್ನೆರಡು ಎಂಬುದು ಒಂದು ವರ್ಷದ ಬೆಲೆ, ಎರಡು ಎಂಬುದು ಇಪ್ಪತ್ತು ದಿನದ ಬೆಲೆ. ತಪ್ಪು ಇರುವುದು ಅಲ್ಲಿ.

ಲೆಕ್ಕ ಹೀಗಿದೆ. ಹತ್ತನೆಯ ದಿನ ಆ ಮಾಲಿನ ಬೆಲೆ 98,000 ರೂಪಾಯಿ. ಮೂವತ್ತನೆಯ ದಿನ ಅದೇ ಮಾಲಿಗೆ ಒಂದು ಲಕ್ಷ. ಅಂದರೆ ಅಂಗಡಿಯವನು 98,000 ರೂಪಾಯಿಯನ್ನು ಇಪ್ಪತ್ತು ದಿನ ತನ್ನ ಬಳಿ ಇಟ್ಟುಕೊಂಡು, ಅದಕ್ಕೆ 2,000 ರೂಪಾಯಿ ಕೊಡುತ್ತಿದ್ದಾನೆ. ಇದು ನೂರಕ್ಕೆ 2.04. ವರ್ಷದಲ್ಲಿ ಇಪ್ಪತ್ತು ದಿನದ ಕಂತುಗಳು ಹದಿನೆಂಟೂಕಾಲು. ಗುಣಿಸಿದರೆ ವಾರ್ಷಿಕ ಬಡ್ಡಿ ಶೇ 37 ದಾಟುತ್ತದೆ. ಚಕ್ರಬಡ್ಡಿಯಾಗಿ ಹಿಡಿದರೆ ಶೇ 44ಕ್ಕೂ ಹೆಚ್ಚು.

ಪೇಟೆಯ ಭಾಷೆಯಲ್ಲಿ ಹೇಳಿದರೆ ಇದು ಇನ್ನೂ ಬೇಗ ತಿಳಿಯುತ್ತದೆ. ಕೈಸಾಲ ಕೊಡುವವರು ‘ಎರಡು ರೂಪಾಯಿ ಬಡ್ಡಿ’, ‘ಮೂರು ರೂಪಾಯಿ ಬಡ್ಡಿ’ ಎನ್ನುವುದು ನೂರು ರೂಪಾಯಿಗೆ, ತಿಂಗಳಿಗೆ. ಇಪ್ಪತ್ತು ದಿನಕ್ಕೆ 2.04 ಎಂದರೆ ತಿಂಗಳಿಗೆ ಮೂರು ರೂಪಾಯಿಗೂ ತುಸು ಹೆಚ್ಚು. ಮೂರು ರೂಪಾಯಿ ಬಡ್ಡಿಗೆ ಸಾಲ ತರಲು ಹೆದರುವ ಅಂಗಡಿಯವನು, ಅದೇ ಬಡ್ಡಿಯನ್ನು ಪ್ರತಿ ಬಿಲ್ಲಿನಲ್ಲೂ ಅದು ಬಡ್ಡಿಯೆಂದು ಗೊತ್ತಿಲ್ಲದೆ ಕಟ್ಟುತ್ತಿದ್ದಾನೆ.

ಅವನು ಹತ್ತನೆಯ ದಿನ ಓವರ್‌ಡ್ರಾಫ್ಟಿನಿಂದ 98,000 ಎತ್ತಿ ಕೊಟ್ಟಿದ್ದರೆ, ಇಪ್ಪತ್ತು ದಿನಕ್ಕೆ ಬ್ಯಾಂಕಿಗೆ ಆಗುತ್ತಿದ್ದ ಬಡ್ಡಿ ಸುಮಾರು 644 ರೂಪಾಯಿ. ಉಳಿತಾಯ 1,356. ತಿಂಗಳಿಗೊಂದು ಇಂಥ ಬಿಲ್ಲು ಬಂದರೆ ವರ್ಷಕ್ಕೆ ಹದಿನಾರು ಸಾವಿರ ಮೀರುತ್ತದೆ. ಶೇ 37 ಎಂದರೆ ವರ್ಷಕ್ಕೆ 37,000 ಹೋಯಿತು ಎಂದಲ್ಲ. ತಿಂಗಳಿಗೆ ಇಪ್ಪತ್ತು ದಿನದಂತೆ 240 ದಿನದ ಸಾಲವಷ್ಟೇ ಅವನು ಪಡೆದದ್ದು. ಆದರೂ ಸಣ್ಣ ಅಂಗಡಿಗೆ ಹದಿನಾರು ಸಾವಿರ ಸಣ್ಣ ಮೊತ್ತವಲ್ಲ.

ಈ 37ನ್ನು ಮಂತ್ರದಂತೆ ಜಪಿಸುವುದೂ ತಪ್ಪು. ರಿಯಾಯಿತಿಯನ್ನು ತೆರಿಗೆಗೆ ಮುಂಚಿನ ಬೆಲೆಯ ಮೇಲೆ ಮಾತ್ರ ಕೊಡುವುದಾದರೆ, ಕೈಬಿಟ್ಟು ಕೊಡಬೇಕಾದ ಹಣದಲ್ಲಿ ಜಿಎಸ್‌ಟಿಯೂ ಸೇರಿರುತ್ತದೆ. ಆಗ ಶೇ 5 ತೆರಿಗೆಯ ಮಾಲಿಗೆ ಈ ದರ 35ರ ಸುತ್ತ, ಶೇ 18 ತೆರಿಗೆಯ ಮಾಲಿಗೆ 31ರ ಸುತ್ತ ನಿಲ್ಲುತ್ತದೆ. ಹತ್ತು ದಿನ ಎಣಿಸುವುದು ಬಿಲ್ಲಿನ ತಾರೀಖಿನಿಂದಲೋ, ಮಾಲು ಕೈಸೇರಿದ ದಿನದಿಂದಲೋ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಕರಾರು ಬೇರೆಯಾದರೆ ಉತ್ತರವೂ ಬೇರೆ. ಹತ್ತು ದಿನಕ್ಕೆ ಶೇ 1 ರಿಯಾಯಿತಿ, ಇಲ್ಲವಾದರೆ ನಲವತ್ತೈದು ದಿನ ಎಂದಿದ್ದರೆ ವಾರ್ಷಿಕ ದರ ಶೇ 10.5 ಮಾತ್ರ. ಶೇ 12ರ ಓವರ್‌ಡ್ರಾಫ್ಟ್ ಇರುವವನು ಅಂಥ ರಿಯಾಯಿತಿಯನ್ನು ಬಿಡುವುದೇ ಲೇಸು.

ಪೇಟೆಯ ಹಳಬರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಮೂವತ್ತು ದಿನ ಎಂದ ಮಾತ್ರಕ್ಕೆ ಮೂವತ್ತಕ್ಕೇ ಕೊಡುವವರು ಯಾರು? ಅರವತ್ತು, ತೊಂಬತ್ತು ದಿನಕ್ಕೆ ಕೊಟ್ಟರೂ ನಡೆಯುತ್ತದಲ್ಲ? ಲೆಕ್ಕದ ಮಟ್ಟಿಗೆ ಅವರ ಮಾತು ನಿಜ. ಅರವತ್ತನೆಯ ದಿನ ಕೊಟ್ಟರೆ ಅದೇ 2,000 ರೂಪಾಯಿ ಐವತ್ತು ದಿನಕ್ಕೆ ಹಂಚಿಹೋಗಿ ದರ ಶೇ 15ಕ್ಕೆ ಇಳಿಯುತ್ತದೆ. ತೊಂಬತ್ತನೆಯ ದಿನಕ್ಕೆ ಅದು ಶೇ 9ರ ಚಿಲ್ಲರೆ, ಬ್ಯಾಂಕಿಗಿಂತಲೂ ಅಗ್ಗ. ಹಾಗಾಗಿ ಅತಿ ಹೆಚ್ಚು ಬಡ್ಡಿ ಕಟ್ಟುವವನು ಸತಾಯಿಸುವವನಲ್ಲ. ಹನ್ನೊಂದರಿಂದ ಮೂವತ್ತರ ನಡುವೆ ಯಾವುದೋ ಒಂದು ದಿನ, ಕೈಗೆ ಹಣ ಬಂದೊಡನೆ ಪ್ರಾಮಾಣಿಕವಾಗಿ ಕೊಟ್ಟುಬಿಡುವವನು. ಹನ್ನೆರಡನೆಯ ದಿನ ಕೊಟ್ಟವನು ಎರಡು ದಿನದ ಸಾಲಕ್ಕೆ 2,000 ತೆತ್ತಂತೆ. ಕೊಡುವುದಿದ್ದರೆ ಹತ್ತನೆಯ ದಿನ, ಅದು ತಪ್ಪಿದರೆ ಮೂವತ್ತನೆಯ ದಿನ. ನಡುವಿನ ಯಾವ ದಿನಕ್ಕೂ ಅರ್ಥವಿಲ್ಲ.

ಆದರೆ ಹಳಬರ ಈ ಜಾಣತನ ಇನ್ನೊಬ್ಬರ ಕಿಸೆಯಿಂದ ನಡೆಯುವಂಥದ್ದು. ಸೊಲ್ಲಾಪುರದ ಹೊಲಿಗೆ ಘಟಕದವನು ಬಟ್ಟೆಗೆ ಹಣ ಕೊಟ್ಟಾಗಿದೆ, ವಾರವಾರ ಕೂಲಿ ಬಟವಾಡೆ ಮಾಡಬೇಕು. ಅವನು ಶೇ 2 ಬಿಡಲು ಸಿದ್ಧನಿದ್ದಾನೆ ಎಂದರೇನೇ ಹಣದ ತುರ್ತು ಎಷ್ಟಿದೆ ಎಂಬುದು ತಿಳಿಯಬೇಕು. ತೊಂಬತ್ತು ದಿನ ಎಳೆಯುವ ಗಿರಾಕಿಗೆ ಮುಂದಿನ ಸಲ ಅವನು ದರವನ್ನೇ ಏರಿಸಿ ಹೇಳುತ್ತಾನೆ, ಇಲ್ಲವೇ ಸೀಸನ್‌ನಲ್ಲಿ ಓಡುವ ಸೈಜುಗಳನ್ನು ಮೊದಲು ಬೇರೆಯವರಿಗೆ ಕಳಿಸುತ್ತಾನೆ. ಈ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಕಾನೂನೂ ಈಗ ಈ ಎಳೆದಾಟದ ಪರವಾಗಿಲ್ಲ. ಉದ್ಯಮ್ ನೋಂದಣಿ ಇರುವ ಅತಿಸಣ್ಣ ಅಥವಾ ಸಣ್ಣ ತಯಾರಕನಿಗೆ, 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಬರಹದ ಕರಾರು ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರ ಹಾಕಿ. ಜೊತೆಗೆ 2024ರ ಏಪ್ರಿಲ್‌ನಿಂದ ಜಾರಿಯಾದ ಆದಾಯ ತೆರಿಗೆಯ ನಿಯಮದಂತೆ, ಗಡುವು ಮೀರಿದ ಇಂಥ ಬಾಕಿ ವರ್ಷಾಂತ್ಯಕ್ಕೂ ಉಳಿದಿದ್ದರೆ ಅದನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಹಣ ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು. ಲೆಕ್ಕಪುಸ್ತಕ ಇಟ್ಟು ತೆರಿಗೆ ಕಟ್ಟುವ ಅಂಗಡಿಗೆ ಇದು ನೇರವಾಗಿ ತಟ್ಟುತ್ತದೆ.

ಈ ಗೊಂದಲಕ್ಕೆಲ್ಲ ಮೂಲ ‘ಡಿಸ್ಕೌಂಟ್’ ಎಂಬ ಹೆಸರೇ. ರಿಯಾಯಿತಿ ಎಂದೊಡನೆ ಸಿಕ್ಕರೆ ಲಾಭ, ಸಿಗದಿದ್ದರೆ ನಷ್ಟವೇನಿಲ್ಲ ಎಂಬ ಭಾವ ಬರುತ್ತದೆ. ನಿಜಕ್ಕೆ ಆ ಮಾಲಿನ ಬೆಲೆ 98,000. ಉಳಿದ 2,000 ತಡವಾಗಿ ಕೊಡುವುದಕ್ಕೆ ಬಡ್ಡಿ. ಮಾರುವವರು ಬಿಲ್ಲಿನಲ್ಲಿ ಹಾಗೆಯೇ ಬರೆಯಬೇಕು: ರೋಖಿಗೆ 98,000, ಮೂವತ್ತು ದಿನದ ಉದ್ರಿಗೆ ಒಂದು ಲಕ್ಷ. ಅವರು ಬರೆಯದಿದ್ದರೆ ಕೊಳ್ಳುವವನೇ ಮಾಲು ಬಂದ ದಿನ ಪೆನ್ನು ತೆಗೆದು ಎರಡು ಸಂಖ್ಯೆಗಳನ್ನೂ ಹತ್ತನೆಯ ದಿನದ ತಾರೀಖನ್ನೂ ಬಿಲ್ಲಿನ ಮೇಲೆ ಬರೆದುಕೊಳ್ಳಲಿ. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡನ್ನು ಗಿರಾಕಿಗೆ ಕಾಣುವಂತೆ ತೂಗುಹಾಕುವ ಅಂಗಡಿಯವನಿಗೆ, ತಾನು ತರುವ ಉದ್ರಿಯ ಬೆಲೆಯೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು.