ಕೇಸ್ ಶೀಟಿನ ಒಂದು ಸಾಲು

ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಝಿಯಾರತ್‌ಗೆ ಹೋಗುವ ಮಂಗಳೂರು ಕಡೆಯವರಿಗೆ ಅಲ್ಲಿ ಪರಿಚಯದ ಅಂಗಡಿಗಳಿವೆ. ಅಂಥ ಒಂದು ಅಂಗಡಿಯ ಭಾಯಿ ಕಳೆದ ನವೆಂಬರಿನಲ್ಲಿ ಒಂದು ಕವರು ಹಿಡಿದುಕೊಂಡು ನಮ್ಮ ಬಳಿ ಕೂತರು. ವಯಸ್ಸು 51. ಮೊದಲು ಗಲ್ಫಿನಲ್ಲಿ ಡ್ರೈವರ್ ಆಗಿದ್ದವರು, ಈಗ ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಎರಡು ಮಾತ್ರೆ. ಕವರಿನಲ್ಲಿದ್ದದ್ದು ಇನ್ಶೂರೆನ್ಸ್ ಕಂಪನಿಯ ಪತ್ರ. ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಆದ 1,38,600 ರೂಪಾಯಿ ಕೊಡುವುದಿಲ್ಲ ಅಂತ ಅದರಲ್ಲಿತ್ತು. ಕಾರಣ ಒಂದೇ ಸಾಲು: 'ಪಾಲಿಸಿ ಪಡೆಯುವ ಮುನ್ನವೇ ಇದ್ದ ಮಧುಮೇಹವನ್ನು ತಿಳಿಸಿಲ್ಲ'.

ಭಾಯಿ ಒಂದು ಕಾಗದದಲ್ಲಿ ಉತ್ತರವನ್ನೂ ಬರೆದುಕೊಂಡು ಬಂದಿದ್ದರು. 'ನಾನು ಬಡವ, ಸಾಲ ಮಾಡಿ ಬಿಲ್ ಕಟ್ಟಿದ್ದೇನೆ, ದಯವಿಟ್ಟು ಮರುಪರಿಶೀಲಿಸಿ' ಅಂತ. ಎಲ್ಲಾ ನಿಜವೇ. ಆದರೆ ಆ ಕಾಗದ ಕಳಿಸಬೇಡಿ ಅಂದೆವು. ಕಂಪನಿ ಇವರ ಕಷ್ಟವನ್ನು ಅಲ್ಲಗಳೆದಿಲ್ಲ, ಇವರ ಮಾತನ್ನು ಅಲ್ಲಗಳೆದಿದೆ. ಆದ್ದರಿಂದ ಅಪೀಲಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಯೂ ಒಂದೇ: ಪಾಲಿಸಿಗೆ ಸಹಿ ಹಾಕಿದ ದಿನ ಈ ಮನುಷ್ಯನಿಗೆ ಸಕ್ಕರೆ ಇದೆ ಅಂತ ಗೊತ್ತಿತ್ತಾ?

ಪಾಲಿಸಿ ಶುರುವಾದದ್ದು 2022ರ ಮಾರ್ಚ್ 14ಕ್ಕೆ. ಸಕ್ಕರೆ ಇದೆ ಅಂತ ಮೊದಲು ಗೊತ್ತಾದದ್ದು ಅದೇ ವರ್ಷ ಆಗಸ್ಟಿನಲ್ಲಿ, ಚಿಂತಾಮಣಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ. ಅಂದರೆ ಐದು ತಿಂಗಳ ನಂತರ. ಹಾಗಾದರೆ ಮುಂಚೆಯೇ ಇತ್ತು ಅಂತ ಕಂಪನಿಗೆ ಹೇಳಿದವರು ಯಾರು? ನಾವು ಆಸ್ಪತ್ರೆಯ ಕೇಸ್ ಶೀಟ್ ತರಿಸಲು ಹೇಳಿದೆವು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ. ಬಾಯಲ್ಲಿ ಕೇಳಿದರೆ 'ನಾಳೆ ಬನ್ನಿ' ಅನ್ನುತ್ತಾರೆ, ಬರೆದು ಕೊಟ್ಟು ಸೀಲ್ ಹಾಕಿಸಿಕೊಂಡರೆ ಸಿಗುತ್ತದೆ.

ಕೇಸ್ ಶೀಟಿನ ಮೊದಲ ಪುಟದಲ್ಲೇ ಉತ್ತರ ಸಿಕ್ಕಿತು. ರಾತ್ರಿ ಹೊಟ್ಟೆನೋವಿನಲ್ಲಿ ಒದ್ದಾಡುತ್ತಿದ್ದವರನ್ನು ಬೆಂಗಳೂರಿಗೆ ಕರೆದೊಯ್ದದ್ದು ತಂಗಿಯ ಮಗ. ಡ್ಯೂಟಿ ಡಾಕ್ಟರು 'ಶುಗರ್ ಇದೆಯಾ, ಎಷ್ಟು ವರ್ಷದಿಂದ?' ಅಂತ ಕೇಳಿದ್ದಾರೆ. ಹುಡುಗ ಗಾಬರಿಯಲ್ಲಿ 'ಮಾಮುಗೆ ಇದೆ ಸಾರ್, ಏಳೆಂಟು ವರ್ಷ ಆಗಿರಬೇಕು' ಅಂದಿದ್ದಾನೆ. ಅವನ ಅಮ್ಮನಿಗೆ ಎಂಟು ವರ್ಷದಿಂದ ಸಕ್ಕರೆ ಇತ್ತು, ಮಾಮುವಿನದ್ದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಡಾಕ್ಟರು 'ಟೈಪ್ 2 ಡಯಾಬಿಟಿಸ್, 8 ವರ್ಷದಿಂದ' ಅಂತ ಬರೆದರು. ಅದೇ ಸಾಲು ಡಿಸ್ಚಾರ್ಜ್ ಸಮ್ಮರಿಗೆ ಹೋಯಿತು, ಅಲ್ಲಿಂದ ಕಂಪನಿಯ ಮೇಜಿಗೆ ಹೋಯಿತು. 2025ರಿಂದ ಎಂಟು ಕಳೆದರೆ 2017. ಲೆಕ್ಕ ಮುಗಿಯಿತು, ಕ್ಲೈಮ್ ಬಿತ್ತು.

ಇದು ಒಬ್ಬರ ಕಥೆ ಅಲ್ಲ ಅಂತ ನಮ್ಮ ಅನಿಸಿಕೆ. ನಮ್ಮ ಮನೆಗಳಲ್ಲಿ ಆಸ್ಪತ್ರೆಗೆ ಜೊತೆಗೆ ಹೋಗುವವರು ಅಳಿಯನೋ ತಮ್ಮನೋ ಪಕ್ಕದ ಮನೆಯವರೋ. ಕೇಳಿದ್ದಕ್ಕೆಲ್ಲಾ ಏನೋ ಒಂದು ಅಂದಾಜು ಹೇಳುವುದು ಮರ್ಯಾದೆ ಅಂದುಕೊಳ್ಳುತ್ತೇವೆ. 'ಗೊತ್ತಿಲ್ಲ, ಅವರನ್ನೇ ಕೇಳಿ, ಚೀಟಿ ಮನೆಯಲ್ಲಿದೆ' ಅನ್ನಲು ನಾಚಿಕೆ. ಆ ಅಂದಾಜಿನ ಬೆಲೆ ಇಲ್ಲಿ ಒಂದು ಲಕ್ಷದ ಮೂವತ್ತೆಂಟು ಸಾವಿರ.

ಇನ್ನು ಅಪೀಲು. ಮೊದಲು ಬೇಕಾದದ್ದು ಪ್ರಪೋಸಲ್ ಫಾರಂನ ಪ್ರತಿ, ಅಂದರೆ ಪಾಲಿಸಿ ತೆಗೆದುಕೊಳ್ಳುವಾಗ ಏಜೆಂಟ್ ತುಂಬಿಸಿ ಸಹಿ ಹಾಕಿಸಿಕೊಂಡ ಅರ್ಜಿ. ಅದರಲ್ಲಿ ಸಕ್ಕರೆ ಬಗ್ಗೆ ಏನು ಕೇಳಿದ್ದರು, ಏನು ಗುರುತು ಹಾಕಿದೆ ಅಂತ ನೋಡದೆ ಒಂದಕ್ಷರವೂ ಬರೆಯಬಾರದು. ಪಾಲಿಸಿ ಜೊತೆ ಇಲ್ಲದಿದ್ದರೆ ಕಂಪನಿಯಿಂದ ಕೇಳಿ ಪಡೆಯಬೇಕು. ಭಾಯಿಯ ಫಾರಂನಲ್ಲಿ 'ಮಧುಮೇಹ ಇದೆಯೇ' ಅನ್ನುವುದರ ಮುಂದೆ 'ಇಲ್ಲ' ಅಂತಿತ್ತು. 2022ರ ಮಾರ್ಚ್‌ನಲ್ಲಿ ಅವರಿಗೆ ಗೊತ್ತಿದ್ದ ಮಟ್ಟಿಗೆ ಅದು ಸತ್ಯ.

ಎರಡನೆಯದು, ಎಂಟು ವರ್ಷ ಅನ್ನುವುದು ತಪ್ಪು ಅಂತ ತೋರಿಸುವ ಹಳೇ ಕಾಗದ. ಇಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ನೆನಪು ಮಾಡಿಕೊಳ್ಳುವುದಿಲ್ಲ. ಗಲ್ಫಿಗೆ ಹೋದವರೆಲ್ಲಾ ಮೆಡಿಕಲ್ ಮಾಡಿಸಿರುತ್ತಾರೆ, ಅದರಲ್ಲಿ ರಕ್ತದ ಸಕ್ಕರೆಯೂ ನೋಡಿರುತ್ತಾರೆ. ಭಾಯಿಯ ಹಳೇ ಪಾಸ್‌ಪೋರ್ಟಿನ ಜೊತೆ 2019ರ ಮೇ ತಿಂಗಳ ಮೆಡಿಕಲ್ ರಿಪೋರ್ಟ್ ಸಿಕ್ಕಿತು. ರ‍್ಯಾಂಡಮ್ ಶುಗರ್ 102. 2017ರಿಂದಲೇ ಸಕ್ಕರೆ ಇದ್ದು ಔಷಧಿಯೇ ಇಲ್ಲದವರಿಗೆ ಅಂಥ ಅಂಕಿ ಬರುವುದು ಕಷ್ಟ. ಅದರ ಜೊತೆ 2022ರ ಆಗಸ್ಟಿನ ಲ್ಯಾಬ್ ರಿಪೋರ್ಟ್, ಎಚ್‌ಬಿಎ1ಸಿ 8.1, ಮತ್ತು ಅದೇ ವಾರ ಮಾತ್ರೆ ಶುರು ಮಾಡಿದ ಡಾಕ್ಟರರ ಚೀಟಿ.

ಆದರೆ ಈ ಕಾಗದಗಳಿಗೂ ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಮಾತ್ರ ಹೇಳುತ್ತದೆ, ಕಾಯಿಲೆ ಯಾವಾಗ ಶುರುವಾಯಿತು ಅಂತ ಹೇಳುವುದಿಲ್ಲ. 2019ರ ಮೇಯಿಂದ 2022ರ ಮಾರ್ಚ್‌ವರೆಗಿನ ಮಧ್ಯದ ಕಾಲಕ್ಕೆ ಭಾಯಿಯ ಹತ್ತಿರ ಕಾಗದವೇ ಇಲ್ಲ. ಮೈಯಲ್ಲಿ ಸಕ್ಕರೆ ಸದ್ದಿಲ್ಲದೆ ಶುರುವಾಗಿರಲೂಬಹುದು. ಆದರೆ ಗೊತ್ತಿಲ್ಲದ್ದನ್ನು ಹೇಳಲಿಲ್ಲ ಅಂತ ತಪ್ಪು ಹೊರಿಸಲಾಗದು. ಗೊತ್ತಿದ್ದೂ ಮುಚ್ಚಿಟ್ಟರು ಅಂತ ಸಾಬೀತು ಮಾಡುವ ಹೊಣೆ ಕಂಪನಿಯದ್ದು. 2024ರ ಏಪ್ರಿಲ್ 10ರಂದು ಫ್ಯೂಚರ್ ಜನರಾಲಿ ವಿರುದ್ಧದ ಒಂದು ಜೀವವಿಮೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಮೂರನೆಯದು, ಆಸ್ಪತ್ರೆಯಿಂದ ಒಂದು ಸ್ಪಷ್ಟೀಕರಣ. ಕೇಸ್ ಶೀಟನ್ನು ತಿದ್ದಿಸಲು ಹೋಗಬೇಡಿ. ತಿದ್ದಿದ ದಾಖಲೆ ನಿಮ್ಮ ಕೈಯಿಂದಲೇ ನಿಮ್ಮ ಕೇಸನ್ನು ಮುಳುಗಿಸುತ್ತದೆ. 'ಎಂಟು ವರ್ಷ ಅನ್ನುವುದು ಜೊತೆಗಿದ್ದ ಸಂಬಂಧಿ ಹೇಳಿದ್ದು, ಹಳೇ ದಾಖಲೆ ನೋಡಿ ಬರೆದದ್ದಲ್ಲ' ಅಂತ ಚಿಕಿತ್ಸೆ ಕೊಟ್ಟ ಡಾಕ್ಟರು ಲೆಟರ್‌ಹೆಡ್‌ನಲ್ಲಿ ಬೇರೆಯಾಗಿ ಬರೆದುಕೊಟ್ಟರೆ ಸಾಕು. ಹಳೇ ರಿಪೋರ್ಟ್ ತೋರಿಸಿದ ಮೇಲೆ ಆ ಡಾಕ್ಟರು ಬರೆದುಕೊಟ್ಟರು.

ಇಷ್ಟು ಕೈಗೆ ಬಂದ ಮೇಲೆ ಪತ್ರ ಒಂದೂವರೆ ಪುಟದಲ್ಲಿ ಮುಗಿಯಿತು. ಮೇಲೆ ಪಾಲಿಸಿ ನಂಬರ್, ಕ್ಲೈಮ್ ನಂಬರ್, ನಿರಾಕರಣೆ ಪತ್ರದ ದಿನಾಂಕ. ಆಮೇಲೆ ಕಂಪನಿಯ ಆ ಒಂದು ಸಾಲನ್ನು ಇದ್ದಂತೆಯೇ ಎತ್ತಿ ಬರೆದು, ಕೆಳಗೆ ಹೀಗೆ ಹಾಕಿಸಿದೆವು:

'ನನಗೆ ಮಧುಮೇಹ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಮೊದಲು ಪತ್ತೆಯಾದದ್ದು 2022ರ ಆಗಸ್ಟಿನಲ್ಲಿ, ಪಾಲಿಸಿ ಶುರುವಾದ ಐದು ತಿಂಗಳ ನಂತರ. ಎಂಟು ವರ್ಷ ಎಂಬುದು ನನ್ನ ಸೋದರಳಿಯ ತುರ್ತು ವಿಭಾಗದಲ್ಲಿ ಅಂದಾಜಿನಿಂದ ಹೇಳಿದ್ದು, ವೈದ್ಯರ ಸ್ಪಷ್ಟೀಕರಣ ಲಗತ್ತಿಸಿದೆ. 2019ರ ಮೇ ತಿಂಗಳ ರಕ್ತಪರೀಕ್ಷೆಯ ವರದಿಯೂ ಲಗತ್ತಿಸಿದೆ. 2022ರ ಮಾರ್ಚ್ 14ಕ್ಕೆ ಮುಂಚೆ ನಾನು ಮಧುಮೇಹಕ್ಕೆ ಚಿಕಿತ್ಸೆ ಪಡೆದಿದ್ದೇನೆ ಎನ್ನಲು ನಿಮ್ಮ ಬಳಿ ಬೇರೆ ದಾಖಲೆ ಇದ್ದರೆ ಅದರ ಪ್ರತಿ ಕೊಡಿ.'

ಕೊನೆಯ ವಾಕ್ಯವೇ ಪತ್ರದ ಬೆನ್ನೆಲುಬು. ಅದು ಬೇಡಿಕೊಳ್ಳುವುದಿಲ್ಲ, ಜಗಳವನ್ನೂ ಆಡುವುದಿಲ್ಲ. ಕಂಪನಿಯ ಆಧಾರ ಏನು ಅಂತ ಕೇಳುತ್ತದೆ.

ಕೆಲವರು ನಮ್ಮನ್ನು ಕೇಳಿದರು: ಸಕ್ಕರೆ ನಿಜವಾಗಿಯೂ ಮುಂಚೆಯೇ ಇದ್ದು, ಹೇಳದೇ ಇದ್ದವರಿಗೂ ಇಂಥದೇ ಒಂದು ಪತ್ರ ಬರೆದುಕೊಡಬಾರದಾ? ಬರೆಯುವುದಿಲ್ಲ. ಕೋರ್ಟುಗಳೂ ಒಪ್ಪುವುದಿಲ್ಲ. ಮಧುಮೇಹ, ಕಿಡ್ನಿ ಕಾಯಿಲೆ ತಿಳಿಸದೆ ಮೆಡಿಕ್ಲೈಮ್ ಪಡೆದಿದ್ದ ಪ್ರಕರಣವೊಂದರಲ್ಲಿ 2009ರ ಜುಲೈ 10ರಂದು ಸುಪ್ರೀಂ ಕೋರ್ಟ್ ಕಂಪನಿಯ ಪರವೇ ತೀರ್ಪು ಕೊಟ್ಟಿತು. ಅದೇ ಕೋರ್ಟ್ 2021ರ ಡಿಸೆಂಬರ್ 6ರಂದು ಯುನೈಟೆಡ್ ಇಂಡಿಯಾ ಕಂಪನಿ ವಿರುದ್ಧದ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿತು. ಅಮೆರಿಕಕ್ಕೆ ಹೊರಟಿದ್ದ ಆ ಪಾಲಿಸಿದಾರರು ತನಗೆ ಸಕ್ಕರೆ ಇದೆ ಅಂತ ಮೊದಲೇ ಹೇಳಿದ್ದರು. ಅಲ್ಲಿ ಇಳಿದ ಕೂಡಲೇ ಹೃದಯದ ತೊಂದರೆ ಬಂದು ಸ್ಟೆಂಟ್ ಹಾಕಬೇಕಾಯಿತು. ಕೊಬ್ಬಿನ ಮಾತ್ರೆ ತಿನ್ನುತ್ತಿದ್ದುದನ್ನು ಹೇಳಲಿಲ್ಲ ಅಂತ ಕಂಪನಿ ಹಣ ನಿರಾಕರಿಸಿತು. ಸಕ್ಕರೆ ಇದೆ ಅಂತ ತಿಳಿದೇ ಪಾಲಿಸಿ ಕೊಟ್ಟ ಮೇಲೆ ಹಾಗೆ ನಿರಾಕರಿಸುವಂತಿಲ್ಲ ಅಂತ ನ್ಯಾಯಪೀಠ ಹೇಳಿತು. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಎರಡು ತೀರ್ಪನ್ನೂ ಪಕ್ಕಪಕ್ಕ ಇಟ್ಟು ನೋಡಿ: ಸಕ್ಕರೆ ಇದೆ ಅಂತ ಬರೆಸಿದವರು ಗೆದ್ದರು, ಬರೆಸದವರು ಸೋತರು. 'ಬರೆದರೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಸುಮ್ನಿರಿ' ಅನ್ನುವ ಏಜೆಂಟರ ಮಾತು ಕೇಳುವವರು ಇದನ್ನು ನೆನಪಿಡಬೇಕು.

ಒಂದು ವಿನಾಯಿತಿ ಮಾತ್ರ ಇದೆ. ಆರೋಗ್ಯ ಪಾಲಿಸಿಯನ್ನು ಬಿಡದೆ 60 ತಿಂಗಳು ಕಟ್ಟಿದ್ದರೆ, ವಂಚನೆ ಸಾಬೀತಾಗದ ಹೊರತು 'ಹೇಳಲಿಲ್ಲ' ಅಂತ ಕ್ಲೈಮ್ ತಳ್ಳುವಂತಿಲ್ಲ. ಮೊದಲು ಇದು ಎಂಟು ವರ್ಷ ಇತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐದಕ್ಕೆ ಇಳಿಸಿತು. ಭಾಯಿಗೆ ಮೂರೂವರೆ ವರ್ಷವಷ್ಟೇ ಆಗಿದ್ದರಿಂದ ಇದು ಸಿಗಲಿಲ್ಲ. ಐದು ವರ್ಷ ದಾಟಿದವರು ಪತ್ರದ ಮೊದಲ ಪ್ಯಾರಾದಲ್ಲೇ ಇದನ್ನು ಬರೆಯಬೇಕು.

ಪತ್ರವನ್ನು ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಕಳಿಸಿದೆವು. ಏಜೆಂಟರ ವಾಟ್ಸ್ಯಾಪ್‌ಗೆ ಕಳಿಸಿದರೆ ಅದು ದೂರು ಆಗುವುದಿಲ್ಲ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. 50 ಲಕ್ಷದವರೆಗಿನ ಕ್ಲೈಮ್ ಅಲ್ಲಿ ನಡೆಯುತ್ತದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ.

ಭಾಯಿಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಕಂಪನಿ ಆಸ್ಪತ್ರೆಗೆ ಒಂದು ಸಲ ವಿಚಾರಿಸಿ, ಕೈಗವಸು ಮುಂತಾದವುಗಳ ಖರ್ಚು ಕಳೆದು, 1,27,900 ರೂಪಾಯಿ ಖಾತೆಗೆ ಹಾಕಿತು. ಪತ್ರದಲ್ಲಿ ಕ್ಷಮೆಯ ಮಾತು ಇರಲಿಲ್ಲ. ಕೇಸ್ ಶೀಟಿನ ಒಂದು ಸಾಲು ನೋಡಿ ಒಬ್ಬರನ್ನು ಸುಳ್ಳುಗಾರ ಅನ್ನುವ ಮುಂಚೆ ಅವರಿಗೇ ಒಂದು ಫೋನ್ ಮಾಡಿ ಕೇಳಬೇಕಿತ್ತು ಅನ್ನುವುದು ನಮ್ಮ ದೂರು, ಅದು ಹಾಗೇ ಉಳಿದಿದೆ.

ಓದುವವರಿಗೆ ಈ ವಾರ ಒಂದೇ ಕೆಲಸ. ಮನೆಯಲ್ಲಿ ಸಕ್ಕರೆ ಇರುವವರ ಮೊದಲ ಲ್ಯಾಬ್ ರಿಪೋರ್ಟ್ ಹುಡುಕಿ, ಫೋಟೋ ತೆಗೆದು, ಆಸ್ಪತ್ರೆಗೆ ಜೊತೆಗೆ ಬರುವ ಹುಡುಗನ ಮೊಬೈಲಿಗೆ ಹಾಕಿಡಿ. ಯಾವಾಗಿಂದ ಅಂತ ಯಾರಾದರೂ ಕೇಳಿದರೆ ಅವನು ಅಂದಾಜು ಹೇಳುವುದು ಬೇಡ, ಅದನ್ನೇ ತೋರಿಸಲಿ.